ಮೂರನೇ ಉತ್ತರ ಏಳನೇ ಮನೆಯಲ್ಲಿ: ಋಣ ದ್ವಿಪದ ಸಂಭವನೀಯತೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಖ್ಯಾಶಾಸ್ತ್ರದ ಪಾಠದಲ್ಲಿ ಈ ಭಾಗಕ್ಕೆ ಬಂದಾಗ ನಾನು ಪ್ರತಿ ವರ್ಷವೂ ಕೈಯಲ್ಲಿ ಬರೆದು ಕೊಡುವ ಲೆಕ್ಕವೊಂದಿದೆ. ಅದು ಹೀಗಿದೆ:

*ಸಮೀಕ್ಷೆ ನಡೆಸುವವರೊಬ್ಬರು ಒಂದಾದ ಮೇಲೊಂದು ಮನೆಯ ಬಾಗಿಲು ತಟ್ಟುತ್ತಾ ಹೋಗುತ್ತಾರೆ. ಯಾವುದೇ ಮನೆಯವರು ಪ್ರಶ್ನಾವಳಿಗೆ ಉತ್ತರಿಸಲು ಒಪ್ಪುವ ಸಂಭವನೀಯತೆ 0.4. ಒಂದು ಮನೆಯ ಉತ್ತರ ಇನ್ನೊಂದನ್ನು ಅವಲಂಬಿಸಿಲ್ಲ. ಮೂರು ಮನೆಗಳ ಉತ್ತರ ಸಿಕ್ಕ ಕೂಡಲೇ ಅವರು ಕೆಲಸ ನಿಲ್ಲಿಸುತ್ತಾರೆ. ಸರಿಯಾಗಿ ಏಳನೇ ಮನೆಯಲ್ಲಿ ನಿಲ್ಲಿಸುವ ಸಂಭವನೀಯತೆ ಎಷ್ಟು?*

ವಿದ್ಯಾರ್ಥಿಗಳು ಬಿಡಿಸಿ ತಂದ ಹಾಳೆಗಳನ್ನು ನೋಡುವಾಗ, ಮಾತಿನ ನಡುವೆ, ಆಮೇಲೆ ಬಂದ ಪತ್ರಗಳಲ್ಲಿ ಎದುರಾದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಎಲ್ಲ ಉತ್ತರಗಳೂ ಈ ಒಂದೇ ಲೆಕ್ಕವನ್ನು ಆಧರಿಸಿವೆ.

## ಲೆಕ್ಕವನ್ನು ಅರ್ಥ ಮಾಡಿಕೊಳ್ಳುವಾಗ

ಇದು ನಾವು ಆಗಲೇ ಕಲಿತ ದ್ವಿಪದ ವಿತರಣೆಯ ಲೆಕ್ಕವೇ ಅಲ್ಲವೇ? ಏಳು ಮನೆ, ಮೂರು ಉತ್ತರ, p = 0.4.

ಸಂಖ್ಯೆಗಳು ಅವೇ ಆದರೂ ಪ್ರಶ್ನೆ ಬೇರೆ. ದ್ವಿಪದದಲ್ಲಿ ಮನೆಗಳ ಸಂಖ್ಯೆಯನ್ನು ಮೊದಲೇ ಏಳು ಎಂದು ಗೊತ್ತು ಮಾಡಿಕೊಂಡು, ಅವುಗಳಲ್ಲಿ ಎಷ್ಟು ಮನೆಯವರು ಉತ್ತರಿಸುತ್ತಾರೆ ಎಂದು ಕೇಳುತ್ತೇವೆ. ಅಲ್ಲಿ ಅನಿಶ್ಚಿತವಾಗಿರುವುದು ಉತ್ತರಗಳ ಸಂಖ್ಯೆ. ಇಲ್ಲಿ ಉತ್ತರಗಳ ಸಂಖ್ಯೆ ಮೂರು ಎಂದು ಗೊತ್ತಾಗಿದೆ, ಅಲ್ಲಿಗೆ ತಲುಪಲು ಎಷ್ಟು ಬಾಗಿಲು ತಟ್ಟಬೇಕಾಗುತ್ತದೆ ಎಂಬುದೇ ಅನಿಶ್ಚಿತ. ಲೆಕ್ಕದ ಹೇಳಿಕೆಯಲ್ಲಿ 'ಸಿಕ್ಕ ಕೂಡಲೇ ನಿಲ್ಲಿಸುತ್ತಾರೆ', 'ಮೂರನೆಯದು ಏಳನೆಯದರಲ್ಲಿ', 'ಅಷ್ಟಾಗುವವರೆಗೆ' ಎಂಬಂಥ ಮಾತು ಕಂಡರೆ ಅದು ಋಣ ದ್ವಿಪದದ ಲೆಕ್ಕವೆಂದು ತಿಳಿಯಬಹುದು. ಏಳು ಮನೆಗಳಲ್ಲಿ ಮೂರು ಉತ್ತರ ಬಂದರೂ ಆ ಮೂರೂ ಮೊದಲ ಐದು ಮನೆಗಳಲ್ಲೇ ಬಂದಿದ್ದರೆ ಸಮೀಕ್ಷೆಯವರು ಐದನೇ ಮನೆಯಲ್ಲೇ ಕೆಲಸ ಮುಗಿಸಿ ಹೊರಟಿರುತ್ತಿದ್ದರು. ಅಂಥ ಸಾಧ್ಯತೆಗಳನ್ನು ನಮ್ಮ ಉತ್ತರದಿಂದ ಹೊರಗಿಡಬೇಕು.

ಹಾಗಾದರೆ ಸೂತ್ರ ಎಲ್ಲಿಂದ ಬಂತು? ಬಾಯಿಪಾಠ ಮಾಡದೆ ಬರೆಯಲು ಆಗುತ್ತದೆಯೇ?

ಆಗುತ್ತದೆ, ಹಾಗೆ ಬರೆಯುವುದೇ ಒಳ್ಳೆಯದು. ಏಳನೇ ಮನೆಯಲ್ಲಿ ನಿಲ್ಲಬೇಕಾದರೆ ಎರಡು ಸಂಗತಿಗಳು ಕೂಡಿ ಬರಬೇಕು: ಮೊದಲ ಆರು ಮನೆಗಳಲ್ಲಿ ಸರಿಯಾಗಿ ಎರಡು ಉತ್ತರಗಳು ಸಿಕ್ಕಿರಬೇಕು, ಏಳನೇ ಮನೆಯವರು ಒಪ್ಪಬೇಕು. ಮೊದಲನೆಯದು ನಮಗೆ ಪರಿಚಿತವಾದ ದ್ವಿಪದ ಲೆಕ್ಕ:

⁶C₂ × (0.4)² × (0.6)⁴ = 15 × 0.16 × 0.1296 = 0.31104

ಎರಡನೆಯದರ ಸಂಭವನೀಯತೆ 0.4. ಮನೆಗಳು ಪರಸ್ಪರ ಸ್ವತಂತ್ರವಾದ್ದರಿಂದ ಎರಡನ್ನೂ ಗುಣಿಸಿದರೆ ಉತ್ತರ ಸಿಗುತ್ತದೆ:

P(X = 7) = 0.31104 × 0.4 = 0.124416

ಇದನ್ನೇ ಸಾಮಾನ್ಯ ರೂಪದಲ್ಲಿ ಬರೆದರೆ, r ಯಶಸ್ಸುಗಳಿಗೆ n ಯತ್ನಗಳು ಬೇಕಾಗುವ ಸಂಭವನೀಯತೆ P(X = n) = ⁿ⁻¹Cᵣ₋₁ pʳ (1 − p)ⁿ⁻ʳ ಎಂದಾಗುತ್ತದೆ. ಇಲ್ಲಿ n ಕನಿಷ್ಠ r ಆಗಿರಲೇಬೇಕು, ಮೇಲ್ಮಿತಿ ಇಲ್ಲ.

⁶C₂ ಅನ್ನು ಬಿಡಿಸುವಾಗ 6 × 5 ಅನ್ನು 1 × 2 ರಿಂದ ಭಾಗಿಸುತ್ತೇವಲ್ಲ, ಇಳಿಯುವ ಸಂಖ್ಯೆಗಳ ಗುಣಲಬ್ಧವನ್ನು ಏರುವ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸುವ ಈ ಸಾಮಾನ್ಯ ನಿಯಮವನ್ನು ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯನು 9ನೇ ಶತಮಾನದಲ್ಲಿ ತನ್ನ ಗಣಿತಸಾರಸಂಗ್ರಹದಲ್ಲಿ ಹೇಳಿದ್ದಾನೆ. ಕನ್ನಡ ನೆಲದ ಗಣಿತಜ್ಞನೊಬ್ಬನ ನಿಯಮ ಈ ಲೆಕ್ಕದ ನಡುಭಾಗದಲ್ಲೇ ಇದೆ ಎಂಬುದನ್ನು ತರಗತಿಯಲ್ಲಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ನಾನು ⁷C₃ ಬರೆದು 0.290304 ತಂದೆ. ತಪ್ಪು ಎಲ್ಲಿದೆ?

ನಾನು ನೋಡಿದ ಹಾಳೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ. ⁷C₃ ಎಂದರೆ ಮೂರು ಉತ್ತರಗಳನ್ನು ಏಳು ಮನೆಗಳಲ್ಲಿ ಎಲ್ಲಿ ಬೇಕಾದರೂ ಕೂರಿಸುವ 35 ರೀತಿಗಳು. ನಮ್ಮ ಲೆಕ್ಕದಲ್ಲಿ ಮೂರನೇ ಉತ್ತರದ ಜಾಗ ಏಳನೇ ಮನೆ ಎಂದು ನಿಗದಿಯಾಗಿದೆ. ಉಳಿದ ಎರಡನ್ನು ಮಾತ್ರ ಆರು ಮನೆಗಳಲ್ಲಿ ಹಂಚಬಹುದು. ಆದ್ದರಿಂದ 35 ರ ಬದಲು 15 ರೀತಿಗಳಷ್ಟೇ ಉಳಿಯುತ್ತವೆ.

ಎರಡು ಉತ್ತರಗಳ ನಡುವಿನ ನಂಟನ್ನೂ ಗಮನಿಸಿ. 35 ಜೋಡಣೆಗಳೂ ಸಮಾನ ಸಂಭವವುಳ್ಳವು. ಏಳು ಸ್ಥಾನಗಳಲ್ಲಿ ಮೂರು ಉತ್ತರಗಳಿರುವಾಗ ಕೊನೆಯ ಸ್ಥಾನದಲ್ಲಿ ಉತ್ತರವಿರುವ ಪಾಲು 3/7. ಹಾಗಾಗಿ 0.290304 × 3/7 = 0.124416. ತಪ್ಪು ಉತ್ತರವನ್ನು r/n ನಿಂದ ಗುಣಿಸಿದರೆ ಸರಿಯುತ್ತರ ಬರುವುದು ಕಾಕತಾಳೀಯವಲ್ಲ. ನಿಮ್ಮ ಉತ್ತರವನ್ನು ತಾಳೆ ನೋಡಲು ಇದೊಂದು ನಂಬಬಹುದಾದ ದಾರಿ.

ನನ್ನ ಉತ್ತರ 4.128 ಬಂದಿದೆ. ಸೂತ್ರ ಸರಿಯಾಗಿಯೇ ಬರೆದಿದ್ದೇನೆ, ಮೂರು ಸಲ ನೋಡಿದೆ.

ಸಂಭವನೀಯತೆ ಒಂದನ್ನು ದಾಟುವಂತಿಲ್ಲ, ಆದ್ದರಿಂದ ಎಲ್ಲೋ ತಪ್ಪಿದೆ ಎಂಬುದು ಖಚಿತ. ಈ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯ ಹಾಳೆಯನ್ನು ತರಿಸಿ ನೋಡಿದೆ. ಮೊದಲ ಸಾಲಿನಲ್ಲಿ 15 × 0.4³ × 0.6⁴ ಎಂದು ಸರಿಯಾಗಿಯೇ ಬರೆದಿದ್ದಳು, ಆದರೆ ಆವರಣ ಹಾಕಿರಲಿಲ್ಲ, ಘಾತಾಂಕಗಳು ಗೆರೆಯ ಹತ್ತಿರಕ್ಕೆ ಇಳಿದಿದ್ದವು. ಮುಂದಿನ ಸಾಲಿಗೆ ಇಳಿಸಿಕೊಳ್ಳುವಾಗ 0.4³ ಎಂಬುದು 0.43 ಆಗಿತ್ತು, 0.6⁴ ಎಂಬುದು 0.64 ಆಗಿತ್ತು. 15 × 0.43 × 0.64 ಸರಿಯಾಗಿ 4.128. ಅವಳು ಮೂರು ಸಲವೂ ಗುಣಾಕಾರವನ್ನು ಪರೀಕ್ಷಿಸಿದ್ದಳು, ಗುಣಾಕಾರದಲ್ಲಿ ತಪ್ಪೇ ಇರಲಿಲ್ಲ.

ಕೈಬರಹದಲ್ಲಿ ದಶಮಾಂಶ ಸಂಖ್ಯೆಗೆ ಘಾತ ಹಾಕುವಾಗ (0.6)⁴ ಎಂದು ಆವರಣದೊಳಗೆ ಬರೆಯಿರಿ. ಇದೇ ಜಾತಿಯ ಇನ್ನೊಂದು ತಪ್ಪು, ವಿಕಲ್ಪವನ್ನು ದೊಡ್ಡ ಆವರಣದೊಳಗೆ 6 ಮೇಲೆ, 2 ಕೆಳಗೆ ಎಂದು ಬರೆಯುವ ಪುಸ್ತಕಗಳಿಂದ ನಕಲು ಮಾಡುವಾಗ ಆಗುತ್ತದೆ. ನಡುವೆ ಗೆರೆಯೊಂದು ಸೇರಿಬಿಟ್ಟರೆ ಅದು 6/2 ಆಗಿ, 15 ರ ಜಾಗದಲ್ಲಿ 3 ಕೂತು, ಉತ್ತರ ಸುಮಾರು 0.025 ಬರುತ್ತದೆ. ಇದು ಒಂದಕ್ಕಿಂತ ಕಡಿಮೆ ಇರುವುದರಿಂದ ಸುಲಭವಾಗಿ ಕಣ್ಣು ತಪ್ಪಿಸುತ್ತದೆ. 0.31104 ರಂಥ ನಡುವಿನ ಬೆಲೆಗಳನ್ನೂ ಹಾಳೆಯಲ್ಲಿ ಬರೆದಿಟ್ಟರೆ ತಪ್ಪಿದ ಹೆಜ್ಜೆ ಯಾವುದೆಂದು ಹುಡುಕಬಹುದು.

'ಋಣ' ಎಂದೇಕೆ ಕರೆಯುತ್ತಾರೆ? ಇಲ್ಲಿ ಯಾವುದೂ ಋಣಸಂಖ್ಯೆ ಇಲ್ಲವಲ್ಲ.

ಋಣವಾಗಿರುವುದು ದ್ವಿಪದ ವಿಸ್ತರಣೆಯ ಘಾತ. (1 − q)⁻³ ಅನ್ನು ವಿಸ್ತರಿಸಿದರೆ 1 + 3q + 6q² + 10q³ + 15q⁴ + … ಎಂದು ಸಾಗುತ್ತದೆ. ನಮ್ಮ ಲೆಕ್ಕದಲ್ಲಿ n = 3, 4, 5, 6, 7 ಎಂದು ಹಾಕುತ್ತಾ ಹೋದರೆ ಬರುವ ವಿಕಲ್ಪಗಳೂ ಇವೇ: 1, 3, 6, 10, 15. ನಿರಾಕರಿಸಿದ ಮನೆಗಳ ಸಂಖ್ಯೆಯೇ q ನ ಘಾತ. q = 0.6 ಎಂದಿಟ್ಟರೆ ಆ ಇಡೀ ಸರಣಿಯ ಮೊತ್ತ (0.4)⁻³. ಅದನ್ನು (0.4)³ ರಿಂದ ಗುಣಿಸಿದಾಗ 1 ಬರುತ್ತದೆ. ಅಂದರೆ ಎಲ್ಲ ಸಂಭವನೀಯತೆಗಳನ್ನು ಕೂಡಿದರೆ ಒಂದಾಗುತ್ತದೆ ಎಂಬ ಸಾಧನೆಯೂ ಹೆಸರಿನಲ್ಲೇ ಅಡಗಿದೆ. r ಪೂರ್ಣಾಂಕವಾಗಿರುವಾಗ ಇದಕ್ಕೆ ಪಾಸ್ಕಲ್ ವಿತರಣೆ ಎಂಬ ಹೆಸರೂ ಇದೆ.

## ಉತ್ತರ ಬಂದ ಮೇಲೆ

0.124416 ಎಂದರೆ ತೀರಾ ಕಡಿಮೆ ಅನ್ನಿಸುತ್ತದೆ. ಏಳು ಮನೆ ಬೇಕಾಗುವುದು ಸಹಜವಲ್ಲವೇ?

ಸಹಜವೇ. ಆದರೆ 'ಸರಿಯಾಗಿ ಏಳು' ಎಂಬುದು ಹಲವು ಸಹಜ ಸಾಧ್ಯತೆಗಳಲ್ಲಿ ಒಂದು ಮಾತ್ರ. ಅಕ್ಕಪಕ್ಕದ ಬೆಲೆಗಳನ್ನು ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ:

| n | P(X = n) | P(X ≤ n) |
|---|---|---|
| 3 | 0.0640 | 0.0640 |
| 4 | 0.1152 | 0.1792 |
| 5 | 0.1382 | 0.3174 |
| 6 | 0.1382 | 0.4557 |
| 7 | 0.1244 | 0.5801 |
| 8 | 0.1045 | 0.6846 |

ಅತಿ ಹೆಚ್ಚು ಸಂಭವವುಳ್ಳ ಐದು ಮತ್ತು ಆರಕ್ಕೂ ಶೇ. 14 ರಷ್ಟೇ ಇದೆ. ಏಳನೇ ಮನೆಯೊಳಗೆ ಕೆಲಸ ಮುಗಿಯುವ ಸಂಭವನೀಯತೆ 0.58. ಪರೀಕ್ಷೆಯ ಪ್ರಶ್ನೆಗಳಲ್ಲಿ 'ಏಳನೇ ಮನೆಯಲ್ಲಿ' ಮತ್ತು 'ಏಳನೇ ಮನೆಯೊಳಗೆ' ಎಂಬ ಎರಡನ್ನೂ ಕೇಳುತ್ತಾರೆ. ಒಂದು ಪ್ರತ್ಯಯದಲ್ಲಿ ಉತ್ತರ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು ಬದಲಾಗುತ್ತದೆ.

'ಏಳನೇ ಮನೆಯೊಳಗೆ' ಎಂದು ಕೇಳಿದರೆ ಐದು ಪದಗಳನ್ನು ಕೂಡಲೇಬೇಕೇ?

ಬೇಕಿಲ್ಲ. ಏಳನೇ ಮನೆಯೊಳಗೆ ಮೂರನೇ ಉತ್ತರ ಸಿಗುವುದೂ, ಏಳು ಮನೆಗಳಲ್ಲಿ ಕನಿಷ್ಠ ಮೂರು ಉತ್ತರಗಳಿರುವುದೂ ಒಂದೇ ಘಟನೆ. ಸಮೀಕ್ಷೆಯವರು ಮೂರಾದ ಮೇಲೂ ನಡೆಯುತ್ತಾ ಏಳನೇ ಮನೆಯವರೆಗೆ ಹೋದರು ಎಂದು ಕಲ್ಪಿಸಿಕೊಂಡರೆ ಇದು ಹೊಳೆಯುತ್ತದೆ. ಆಗ ಏಳರಲ್ಲಿ ಸೊನ್ನೆ, ಒಂದು, ಎರಡು ಉತ್ತರಗಳು ಬರುವ ದ್ವಿಪದ ಸಂಭವನೀಯತೆಗಳನ್ನು ಕೂಡಿ (0.0280 + 0.1306 + 0.2613 = 0.4199) ಒಂದರಿಂದ ಕಳೆದರೆ 0.5801. n ಇಪ್ಪತ್ತೋ ಮೂವತ್ತೋ ಆದಾಗಲೂ ಮೂರು ಪದಗಳೇ ಸಾಕು ಎಂಬುದು ಇದರ ದೊಡ್ಡ ಅನುಕೂಲ.

ಸರಾಸರಿ 7.5 ಎಂದು ಸೂತ್ರ ಹೇಳುತ್ತದೆ, ಕೋಷ್ಟಕದಲ್ಲಿ 5 ಮತ್ತು 6 ಎತ್ತರದಲ್ಲಿವೆ. ಯಾವುದನ್ನು ನಂಬುವುದು?

ಮೊದಲು 7.5 ಎಲ್ಲಿಂದ ಬಂತೆಂದು ನೋಡೋಣ. ಒಂದು ಉತ್ತರಕ್ಕೆ ಸರಾಸರಿ m ಮನೆಗಳು ಬೇಕು ಎಂದುಕೊಳ್ಳಿ. ಒಂದು ಬಾಗಿಲನ್ನಂತೂ ತಟ್ಟಲೇಬೇಕು. ನಿರಾಕರಿಸಿದರೆ, ಅದರ ಸಂಭವ 0.6, ಮತ್ತೆ ಮೊದಲಿನ ಸ್ಥಿತಿಗೇ ಬರುತ್ತೇವೆ. ಹಾಗಾಗಿ m = 1 + 0.6m, ಅಂದರೆ m = 2.5. ಮೂರು ಉತ್ತರಗಳಿಗೆ ಇಂಥ ಮೂರು ಕಾಯುವಿಕೆಗಳು ಒಂದರ ಹಿಂದೊಂದು ಬರುವುದರಿಂದ 7.5. ಸೂತ್ರದಲ್ಲಿ ಇದೇ r/p.

ಕೋಷ್ಟಕವೂ ತಪ್ಪಲ್ಲ. ಈ ವಿತರಣೆಗೆ ಎಡಗಡೆ ಮೂರರಲ್ಲಿ ಗೋಡೆಯಿದೆ, ಬಲಗಡೆ ಬಾಲ ಉದ್ದಕ್ಕೆ ಚಾಚಿದೆ. ಅಪರೂಪಕ್ಕೊಮ್ಮೆ ಹದಿನೈದು, ಇಪ್ಪತ್ತು ಮನೆ ಅಲೆಯಬೇಕಾಗುವ ದಿನಗಳು ಸರಾಸರಿಯನ್ನು ಮೇಲಕ್ಕೆಳೆಯುತ್ತವೆ. ಹಲವು ದಿನಗಳ ಒಟ್ಟು ಅಲೆದಾಟಕ್ಕೆ ಯೋಜನೆ ಹಾಕುವವರಿಗೆ 7.5 ಬೇಕು. ಒಂದೇ ದಿನದ ಮಟ್ಟಿಗೆ 'ಮುಗಿಯುತ್ತದೆಯೇ' ಎಂದು ಕೇಳುವವರು ಸಂಚಿತ ಸಂಭವನೀಯತೆಯನ್ನು ನೋಡಬೇಕು: ಶೇ. 90 ರಷ್ಟು ಭರವಸೆ ಬೇಕಾದರೆ ಹನ್ನೊಂದು ಮನೆ ಸಾಲದು (0.881), ಹನ್ನೆರಡು ಬೇಕು (0.917). ಸರಾಸರಿಯನ್ನು ಎಂಟಕ್ಕೆ ಏರಿಸಿ ಎಂಟು ವಿಳಾಸಗಳನ್ನು ಮಾತ್ರ ಕೈಗೆ ಕೊಟ್ಟು ಕಳುಹಿಸಿದರೆ, ನೂರರಲ್ಲಿ ಸುಮಾರು ಮೂವತ್ತೆರಡು ಸಲ ಅವರು ಮೂರು ಉತ್ತರಗಳಿಲ್ಲದೆ ಹಿಂದಿರುಗುತ್ತಾರೆ.

ಐದು ಮನೆ ಮುಗಿದಿವೆ, ಒಂದೇ ಉತ್ತರ ಸಿಕ್ಕಿದೆ. ಸರಾಸರಿ 7.5 ಆದ್ದರಿಂದ ಇನ್ನು ಎರಡೂವರೆ ಮನೆ ಸಾಕೇ?

ಸಾಲದು. ಕಳೆದ ಐದು ಮನೆಗಳು ಮುಂದಿನ ಮನೆಗಳ ಮೇಲೆ ಯಾವ ಋಣವನ್ನೂ ಹೊರಿಸಿಲ್ಲ. ಇನ್ನೂ ಎರಡು ಉತ್ತರ ಬೇಕು, ಅದಕ್ಕೆ ಸರಾಸರಿ 2 × 2.5 = 5 ಮನೆ ಬೇಕು; ಆ ಐದನ್ನು ಈ ಐದಕ್ಕೆ ಕೂಡಿದರೆ ಹತ್ತು. ಏಳನೇ ಮನೆಯಲ್ಲೇ ಮುಗಿಯಬೇಕಾದರೆ ಮುಂದಿನ ಎರಡೂ ಮನೆಯವರು ಒಪ್ಪಬೇಕು, ಅದರ ಸಂಭವನೀಯತೆ 0.4 × 0.4 = 0.16.

ಕಂಪ್ಯೂಟರಿನಲ್ಲಿ ಹಾಕಿದರೆ 0.0645 ತೋರಿಸುತ್ತದೆ. ಕೈಲೆಕ್ಕ ತಪ್ಪೋ, ಕಂಪ್ಯೂಟರ್ ತಪ್ಪೋ?

ಎರಡೂ ಸರಿ, ಕೇಳಿದ ಪ್ರಶ್ನೆ ಬೇರೆ. ನಮ್ಮ X ಒಟ್ಟು ಮನೆಗಳನ್ನು ಎಣಿಸುತ್ತದೆ. ಬಳಕೆಯಲ್ಲಿರುವ ಆಜ್ಞೆಗಳು ಯಶಸ್ಸುಗಳಿಗೆ ಮುನ್ನ ಬಂದ ವೈಫಲ್ಯಗಳನ್ನು ಎಣಿಸುತ್ತವೆ. ನೀವು 7 ಎಂದು ಕೊಟ್ಟಾಗ ಅದು ಏಳು ನಿರಾಕರಣೆ, ಮೂರು ಒಪ್ಪಿಗೆ, ಒಟ್ಟು ಹತ್ತು ಮನೆ ಎಂದು ತಿಳಿದು P(X = 10) ಅನ್ನು ಕೊಟ್ಟಿದೆ. ನೀವು ಕೊಡಬೇಕಾದದ್ದು 7 − 3 = 4. R, ಪೈಥಾನ್‌ನ SciPy ಮತ್ತು ಎಕ್ಸೆಲ್‌ಗಳಲ್ಲಿ ಕ್ರಮವಾಗಿ:

```
dnbinom(4, size = 3, prob = 0.4)
scipy.stats.nbinom.pmf(4, 3, 0.4)
=NEGBINOM.DIST(4, 3, 0.4, FALSE)
```

ಮೂರೂ 0.124416 ಕೊಡುತ್ತವೆ. ಪುಸ್ತಕಗಳಲ್ಲೂ ಎರಡು ಪದ್ಧತಿಗಳಿರುವುದರಿಂದ, ಸರಾಸರಿಯ ಸೂತ್ರವನ್ನು ನೋಡಿ ಗುರುತಿಸಿ: r/p ಎಂದಿದ್ದರೆ ಅಲ್ಲಿ ಎಣಿಸಿರುವುದು ಯತ್ನಗಳನ್ನು, r(1 − p)/p ಎಂದಿದ್ದರೆ ವೈಫಲ್ಯಗಳನ್ನು.

## ಇನ್ನೂ ಮುಂದಕ್ಕೆ ಕೇಳುವವರಿಗೆ

p ಗೊತ್ತಿಲ್ಲ, ಆದರೆ ಮೂರನೇ ಉತ್ತರ ಏಳನೇ ಮನೆಯಲ್ಲಿ ಸಿಕ್ಕಿತು. p ಅನ್ನು 3/7 ಎನ್ನಬಹುದೇ?

ಅನ್ನಬಹುದು, ಗರಿಷ್ಠ ಸಂಭಾವ್ಯತೆಯ ಅಂದಾಜು ಅದೇ. ಆದರೆ ಅದು ಸರಾಸರಿಯಲ್ಲಿ ನಿಜವಾದ p ಗಿಂತ ಮೇಲಕ್ಕೆ ವಾಲುತ್ತದೆ. ಕಾರಣ, ನಾವು ಯಾವಾಗಲೂ ಒಪ್ಪಿಗೆ ಸಿಕ್ಕ ಕ್ಷಣದಲ್ಲೇ ಎಣಿಕೆ ನಿಲ್ಲಿಸುತ್ತೇವೆ. ಕೊನೆಯ ಮನೆ ಒಪ್ಪಿದ ಮನೆಯೇ ಆಗಿರುತ್ತದೆ ಎಂಬುದು ಹೊರಡುವ ಮೊದಲೇ ಗೊತ್ತಿರುವಾಗ, ಅದನ್ನು ಪುರಾವೆಯೆಂದು ಎಣಿಸಿದರೆ ಪಲ್ಲಟವಾಗುವುದು ಸಹಜ. ಆ ಮನೆಯನ್ನು ಮೇಲೂ ಕೆಳಗೂ ಕಳೆದು (r − 1)/(n − 1) ಎಂದು ತೆಗೆದುಕೊಂಡರೆ ವಾಲುವಿಕೆ ಪೂರ್ಣವಾಗಿ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಅದು 2/6, ಸುಮಾರು 0.33.

ಈ ಅಂದಾಜನ್ನು 1945 ರಲ್ಲಿ ಬಯೋಮೆಟ್ರಿಕಾ ಪತ್ರಿಕೆಯಲ್ಲಿ ಮುಂದಿಟ್ಟವರು ಜೆ.ಬಿ.ಎಸ್. ಹಾಲ್ಡೇನ್. ಅಪರೂಪದ ಸಂಗತಿಯ ಪ್ರಮಾಣವನ್ನು ಅಳೆಯುವಾಗ ಮಾದರಿಯ ಗಾತ್ರವನ್ನು ಮೊದಲೇ ನಿಗದಿ ಮಾಡಿದರೆ ಒಂದೂ ಸಿಗದೆ ಹೋಗಬಹುದು. ಅದರ ಬದಲು ಇಷ್ಟು ಸಿಗುವವರೆಗೆ ಎಣಿಸುತ್ತಲೇ ಹೋಗುವುದು ಅವರ ವಿಧಾನ. ಹಾಲ್ಡೇನ್ 1957 ರಲ್ಲಿ ಭಾರತಕ್ಕೆ ಬಂದು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು, 1964 ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. r = 1 ಆಗಿದ್ದರೆ ಈ ಅಂದಾಜು ನಡೆಯುವುದಿಲ್ಲ: n ಎಷ್ಟೇ ಇರಲಿ, ಅಂಶ ಸೊನ್ನೆಯಾಗುತ್ತದೆ. ಕನಿಷ್ಠ ಎರಡು ಯಶಸ್ಸುಗಳವರೆಗಾದರೂ ಕಾಯಬೇಕು.

ಬೀದಿಯಲ್ಲಿ ಇಪ್ಪತ್ತೇ ಮನೆಗಳಿದ್ದು, ಅವುಗಳಲ್ಲಿ ಎಂಟು ಮನೆಯವರು ಒಪ್ಪುವವರು ಎಂದಾದರೆ p 0.4 ತಾನೇ?

ಮೊದಲ ಮನೆಗೆ 0.4 ಹೌದು, ಆಮೇಲೆ ಅದು ಬದಲಾಗುತ್ತಾ ಹೋಗುತ್ತದೆ. ಒಮ್ಮೆ ತಟ್ಟಿದ ಬಾಗಿಲನ್ನು ಮತ್ತೆ ತಟ್ಟುವುದಿಲ್ಲವಲ್ಲ. ಮನೆಗಳನ್ನು ಯಾದೃಚ್ಛಿಕ ಕ್ರಮದಲ್ಲಿ ನೋಡಿದರೆ ಹೆಜ್ಜೆಗಳು ಹಿಂದಿನಂತೆಯೇ ಇವೆ: ಮೊದಲ ಆರರಲ್ಲಿ ಎರಡು ಒಪ್ಪಿಗೆಗಳು, ಆಮೇಲೆ ಏಳನೆಯದು ಒಪ್ಪಿಗೆ. ಮೊದಲನೆಯದು ⁸C₂ × ¹²C₄ ÷ ²⁰C₆ = 28 × 495 ÷ 38760 = 0.3576. ಉಳಿದ 14 ಮನೆಗಳಲ್ಲಿ ಒಪ್ಪುವವು 6, ಆದ್ದರಿಂದ 0.3576 × 6/14 = 0.1533. ಇದನ್ನು ಋಣ ಅತಿಗುಣೋತ್ತರ ವಿತರಣೆ ಎನ್ನುತ್ತಾರೆ. ನಿರಾಕರಿಸಿದ ಮನೆಗಳು ಪಟ್ಟಿಯಿಂದ ಕಳೆದುಹೋಗುವುದರಿಂದ ಬಾಲ ಮೊಟಕಾಗುತ್ತದೆ, ಸರಾಸರಿಯೂ 7.5 ರಿಂದ 7 ಕ್ಕೆ ಇಳಿಯುತ್ತದೆ. ಸಾವಿರಾರು ಮನೆಗಳ ಊರಾದರೆ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ನಿಜವಾದ ಸಮೀಕ್ಷೆಯಲ್ಲಿ ಈ ಲೆಕ್ಕ ಎಲ್ಲಿ ಕೈಕೊಡುತ್ತದೆ?

p ಎಲ್ಲ ಕಡೆ ಒಂದೇ ಎಂದು ನಂಬಿದಲ್ಲಿ. ಉದಾಹರಣೆಗೆ ಊರಿನ ಅರ್ಧ ಬೀದಿಗಳಲ್ಲಿ p = 0.2, ಉಳಿದರ್ಧದಲ್ಲಿ p = 0.6 ಇದೆ ಎಂದುಕೊಳ್ಳಿ. ಊರಿನ ಸರಾಸರಿ 0.4 ಕ್ಕೇ ಬರುತ್ತದೆ. ಸಮೀಕ್ಷೆಯವರಿಗೆ ಒಂದು ದಿನಕ್ಕೆ ಒಂದೇ ಬೀದಿ ಸಿಗುತ್ತದೆ, ಅದು ಎರಡರಲ್ಲಿ ಯಾವ ಬಗೆಯದಾದರೂ ಆಗಬಹುದು. ಮೊದಲ ಬಗೆಯ ಬೀದಿಯಲ್ಲಿ P(X = 7) = 15 × 0.008 × 0.4096 = 0.0492, ಎರಡನೆಯದರಲ್ಲಿ 15 × 0.216 × 0.0256 = 0.0829. ಎರಡರ ಸರಾಸರಿ 0.066, ನಮ್ಮ 0.124 ರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಬೇಕಾಗುವ ಮನೆಗಳ ಸರಾಸರಿ 15 ಮತ್ತು 5 ರ ನಡುವಿನ 10 ಆಗುತ್ತದೆ, 7.5 ಅಲ್ಲ.

ಇಂಥದ್ದು ನಡೆಯುತ್ತಿದೆ ಎಂದು ತಿಳಿಯಲು, ಹಲವು ದಿನಗಳ X ಬೆಲೆಗಳನ್ನು ಬರೆದಿಟ್ಟು ಅವುಗಳ ಮಾನಕ ವಿಚಲನೆಯನ್ನು ಲೆಕ್ಕ ಹಾಕಿ. ಒಂದೇ p ಇದ್ದರೆ ಅದು √(r(1 − p))/p, ಅಂದರೆ √1.8 ÷ 0.4 = 3.35 ರ ಆಸುಪಾಸಿನಲ್ಲಿರಬೇಕು. ಮೂರು, ನಾಲ್ಕು ಮನೆಗಳಲ್ಲೇ ಮುಗಿದ ದಿನಗಳೂ, ಇಪ್ಪತ್ತನ್ನು ದಾಟಿದ ದಿನಗಳೂ ನಿರೀಕ್ಷೆಗಿಂತ ಹೆಚ್ಚಾಗಿ ಕಂಡು ವಿಚಲನೆ ಅದಕ್ಕಿಂತ ಬಹಳ ದೊಡ್ಡದಾಗಿದ್ದರೆ, ಬೀದಿಗಳನ್ನು ಬಗೆಗಳಾಗಿ ವಿಂಗಡಿಸಿ ಪ್ರತಿ ಬಗೆಗೂ ಅದರದೇ p ಇಟ್ಟು ಲೆಕ್ಕವನ್ನು ಮೊದಲಿನಿಂದ ಮಾಡಬೇಕು.